60 ಬಾರ್ ತೂಕ ಹಾಕಿದರೆ ಬೆಂಗಳೂರಿನಲ್ಲಿ 60 ಬಾರ್ ಬರುತ್ತದಾ?

ಪ್ರಶ್ನೆ: «0–100 ಬಾರ್ ಗೇಜ್, 0.25 ಕ್ಲಾಸ್, ಗೆರೆಗೆ ಗೆರೆ 0.5 ಬಾರ್. ಆಯಿಲ್ ಡೆಡ್‌ವೇಟ್ ಟೆಸ್ಟರ್‌ನಲ್ಲಿ 60 ಬಾರ್ ತೂಕಕ್ಕೆ ಹತ್ತುವಾಗ 59.8, 59.9, 59.8 ಬಂತು, ಇಳಿಯುವಾಗ 60.0, 60.0, 59.9. ರೂಮು 25 ಡಿಗ್ರಿ, ಗೇಜ್ ಪಿಸ್ಟನ್‌ಗಿಂತ 10 ಸೆಂ.ಮೀ. ಮೇಲಿದೆ. ಟೆಸ್ಟರ್ ಸರ್ಟಿಫಿಕೇಟಲ್ಲಿ 0.02% (k=2) ಅಂತಿದೆ. ಗೇಜಿಗೂ ಅದನ್ನೇ ಬರೆಯಬಹುದಾ?»

ಬರೆಯಬಾರದು ಸರ್. ಆ 0.02% ಪಿಸ್ಟನ್ ಮೇಲೆ ತೂಕದ ಬಿಲ್ಲೆ ಇಟ್ಟು ಒತ್ತಡ ಹುಟ್ಟಿಸುವ ಟೆಸ್ಟರ್‌ದು. ನಿಮ್ಮ ಗೇಜಿನ ಮುಳ್ಳು ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ತೋರಿಸುತ್ತಿದೆ. ಅದರ ಮುಂದೆ ಟೆಸ್ಟರ್ ಪಾಲು ಎಷ್ಟು ಚಿಕ್ಕದು ಅನ್ನೋದು ಲೆಕ್ಕ ಹಾಕಿದಾಗ ಕಾಣುತ್ತದೆ. ಆದರೆ ಬಜೆಟ್‌ಗೆ, ಅಂದರೆ ಯಾವ ಅನುಮಾನದ ಪಾಲು ಎಷ್ಟು ಅನ್ನೋ ಲೆಕ್ಕಕ್ಕೆ, ಕೂರುವ ಮುಂಚೆ ಇನ್ನೊಂದು ವಿಷಯ ಇತ್ಯರ್ಥ ಆಗಬೇಕು: ನಿಜಕ್ಕೂ ಗೇಜಿಗೆ ಹೋದ ಒತ್ತಡ ಎಷ್ಟು?

ತೂಕದ ಬಿಲ್ಲೆಗಳ ಮೇಲೆ ಅಥವಾ ಸರ್ಟಿಫಿಕೇಟಲ್ಲಿ ಯಾವ ಗುರುತ್ವಕ್ಕೆ ಅವನ್ನು ಹೊಂದಿಸಿದ್ದಾರೆ ಅಂತ ಬರೆದಿರುತ್ತದೆ. 9.80665 ಅಂತಿದ್ದರೆ ಅದು ಅಂತರರಾಷ್ಟ್ರೀಯ ಪ್ರಮಾಣಿತ ಬೆಲೆ. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಜೊತೆಗೆ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಎರಡೂ ಸೇರಿ ಇಲ್ಲಿ ಗುರುತ್ವ ಸುಮಾರು 9.780. ಅಂದರೆ ಅದೇ ಬಿಲ್ಲೆ ಇಲ್ಲಿ 0.27% ಕಡಿಮೆ ಒತ್ತುತ್ತದೆ. ಕೆಲವು ತಯಾರಕರು ಗಿರಾಕಿಯ ಊರಿನ ಗುರುತ್ವಕ್ಕೇ ಬಿಲ್ಲೆ ಹೊಂದಿಸಿ ಕೊಡುತ್ತಾರೆ. ಹಾಗಿದ್ದರೆ ಈ ತಿದ್ದುಪಡಿ ಬೇಡ. ಮಾಡಿದರೆ ಎರಡು ಸಲ ಮಾಡಿದ ಹಾಗಾಗುತ್ತದೆ. ನಿಮ್ಮದು 9.80665 ಅಂದುಕೊಂಡು ಮುಂದೆ ಹೋಗುತ್ತೇನೆ.

```
60 × 9.780 / 9.80665  = 59.837 bar
25 °C (ref 20 °C)     : −0.007 bar
head, 10 cm oil       : −0.009 bar
P                     = 59.82 bar
```

ಎರಡನೇ ಸಾಲು ಪಿಸ್ಟನ್ ಮತ್ತು ಸಿಲಿಂಡರ್ ಎರಡೂ ಸ್ಟೀಲ್ ಆಗಿದ್ದರೆ ಮಾತ್ರ. ಬಿಸಿಗೆ ವಿಸ್ತೀರ್ಣ ಡಿಗ್ರಿಗೆ ಸುಮಾರು 0.0023% ಹಿಗ್ಗುತ್ತದೆ, ಒತ್ತಡ ಅಷ್ಟೇ ಇಳಿಯುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಆದರೆ ಅದರ ಅರ್ಧದಷ್ಟೂ ಇರುವುದಿಲ್ಲ, ಸರ್ಟಿಫಿಕೇಟಿನ ಸಂಖ್ಯೆಯನ್ನೇ ಹಾಕಿ. ಮೂರನೆಯದು ಎಣ್ಣೆ ಕಂಬದ ತೂಕ. ಗೇಜ್ ಮೇಲಿರುವುದರಿಂದ ಅದಕ್ಕೆ ಕಡಿಮೆ ಸಿಗುತ್ತದೆ, ಕೆಳಗಿದ್ದರೆ ಕೂಡಬೇಕು.

ನಿಮ್ಮ ಆರು ಓದುಗಳ ಸರಾಸರಿ 59.90. ಗೇಜಿನ ದೋಷ ಹಾಗಾದರೆ +0.08 ಬಾರ್. ಬಿಲ್ಲೆಯ ಮೇಲಿನ 60 ಅನ್ನೇ ನಂಬಿದ್ದರೆ −0.10 ಅಂತ ಬರುತ್ತಿತ್ತು. ಚಿಹ್ನೆಯೇ ತಿರುಗಿಹೋಯಿತು ನೋಡಿ. 100 ಬಾರಿನಲ್ಲಿ ಗುರುತ್ವದ ವ್ಯತ್ಯಾಸವೇ 0.27, 0.25 ಕ್ಲಾಸಿಗೆ ಇರುವ ಮಿತಿ ±0.25. ಚೆನ್ನಾಗಿರೋ ಗೇಜನ್ನು ಫೇಲ್ ಮಾಡೋದಕ್ಕೆ ಇಷ್ಟು ಸಾಕು.

ಮೇಲೆ ಪೀಣ್ಯದ ಸರ್ ಒಬ್ಬರು «ಗುರುತ್ವದ ವ್ಯತ್ಯಾಸವನ್ನೂ ಅನಿಶ್ಚಿತತೆಯಲ್ಲಿ ಸೇರಿಸಿಬಿಡಿ, ಸೇಫ್» ಅಂದಿದ್ದಾರೆ. ಗುರುತ್ವವನ್ನು ಬಿಡಬಾರದು ಅನ್ನೋದು ಸರಿ, ಹಾಕಿದ ಜಾಗ ಸರಿಯಿಲ್ಲ. ಯಾವ ಕಡೆಗೆ ಎಷ್ಟು ಅಂತ ಗೊತ್ತಿರುವುದನ್ನು ಕಳೆಯಬೇಕು. ತಿದ್ದಿದ ಮೇಲೆ ಉಳಿಯುವ ಅನುಮಾನ ಮಾತ್ರ ಬಜೆಟ್‌ಗೆ. 60ಕ್ಕೂ 59.837ಕ್ಕೂ ಇರುವ 0.163 ಬಾರನ್ನು ಹಾಗೇ ಒಳಗೆ ಹಾಕಿದರೆ ಕೊನೆಯ ಅಂಕಿ 0.22ಕ್ಕೆ ಉಬ್ಬುತ್ತದೆ, ಗೇಜಿನ ದೋಷ ಮಾತ್ರ ತಪ್ಪಾಗಿಯೇ ಉಳಿಯುತ್ತದೆ.

ಈಗ ಬಜೆಟ್. ಎಲ್ಲ ಬಾರಿನಲ್ಲಿ, ಎಲ್ಲ 60 ಬಾರ್ ಬಿಂದುವಿಗೆ.

ಟೆಸ್ಟರ್ ಸರ್ಟಿಫಿಕೇಟಿನ 0.02% ಅಂದರೆ 0.012; k=2 ಅಂದರೆ ಎರಡು ಪಟ್ಟು ಮಾಡಿ ಬರೆದದ್ದು, ಹಾಗಾಗಿ ಅರ್ಧ ಮಾಡಿ 0.006. ಇಲ್ಲಿ ಅರ್ಧ ಮಾಡೋದನ್ನು ಮರೆಯುವವರು ಬಹಳ ಜನ. ಹಿಂದಿನ ಕ್ಯಾಲಿಬ್ರೇಶನ್ ಆದ ಮೇಲೆ ಟೆಸ್ಟರ್ ಸರಿದಿರಬಹುದಾದ್ದಕ್ಕೆ ±0.01% ಇಟ್ಟು √3ರಿಂದ ಭಾಗಿಸಿದರೆ 0.0035. ಈ 0.01% ನನ್ನ ಊಹೆ. ನಿಮ್ಮ ಹತ್ತಿರ ಟೆಸ್ಟರ್‌ನ ಹಳೇ ಎರಡು ಸರ್ಟಿಫಿಕೇಟ್ ಇದ್ದರೆ ವಿಸ್ತೀರ್ಣ ಎಷ್ಟು ಬದಲಾಗಿದೆ ನೋಡಿ, ಅದನ್ನೇ ಹಾಕಿ. ಗುರುತ್ವದ ಬೆಲೆಯಲ್ಲಿ ±0.0005 ಅನುಮಾನ ಇಟ್ಟರೆ 0.0018. ತಾಪಮಾನ ±1 ಡಿಗ್ರಿ, ಎತ್ತರ ±1 ಸೆಂ.ಮೀ. ಎರಡೂ 0.001ಕ್ಕಿಂತ ಕಡಿಮೆ. ಇಷ್ಟನ್ನೂ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ ಟೆಸ್ಟರ್ ಕಡೆಯದೆಲ್ಲ ಸೇರಿ 0.007.

ಗೇಜ್ ಕಡೆ ಬನ್ನಿ. 0.5ರ ಗೆರೆಯನ್ನು ಕಣ್ಣಲ್ಲಿ ಐದು ಭಾಗ ಮಾಡಿ 0.1ಕ್ಕೆ ಓದಿದ್ದೀರಿ. ಅದರ ಅರ್ಧ 0.05, √3ರಿಂದ ಭಾಗಿಸಿದರೆ ರೆಸಲ್ಯೂಶನ್ ಪಾಲು 0.029. ಹತ್ತುವ ಓದುಗಳಲ್ಲಿ ಹೆಚ್ಚು ಕಡಿಮೆಯ ಅಂತರ 0.1, ಇಳಿಯುವಲ್ಲೂ ಅಷ್ಟೇ. 2√3ರಿಂದ ಭಾಗಿಸಿದರೆ ಇನ್ನೊಂದು 0.029, ಇದು ರಿಪೀಟಬಿಲಿಟಿ ಪಾಲು. ಹತ್ತು–ಇಳಿಯ ವ್ಯತ್ಯಾಸ 0.2, 0.1, 0.1, ಸರಾಸರಿ 0.133, 2√3ರಿಂದ ಭಾಗಿಸಿದರೆ 0.038.

```
u = √(0.007² + 0.029² + 0.029² + 0.038²) ≈ 0.0563
U = 2u ≈ 0.113  →  0.12 bar (k=2)
```

ಸರ್ಟಿಫಿಕೇಟಲ್ಲಿ ಬರೆಯಬೇಕಾದ್ದು: ಒತ್ತಡ 59.82, ಗೇಜ್ 59.90, ದೋಷ +0.08, ಅನಿಶ್ಚಿತತೆ ±0.12. ಶೂನ್ಯಕ್ಕೆ ಮುಳ್ಳು ವಾಪಸ್ ಬಂತಾ ಅಂತ ನೀವು ಬರೆದಿಲ್ಲ. ಮುಂಚೆ ಮತ್ತು ಆಮೇಲೆ ನೋಡಿದ ಶೂನ್ಯದಲ್ಲಿ ವ್ಯತ್ಯಾಸ ಇದ್ದರೆ ಅದಕ್ಕೂ ಒಂದು ಸಾಲು ಬೇಕು.

«ರೆಸಲ್ಯೂಶನ್, ರಿಪೀಟಬಿಲಿಟಿ ಎರಡೂ ಹಾಕಿದರೆ ಒಂದನ್ನೇ ಎರಡು ಸಲ ಎಣಿಸಿದಂತೆ» ಅಂತ ಒಬ್ಬರು ಮೇಡಂ ಬರೆದಿದ್ದಾರೆ. ಅವರ ಮಾತಲ್ಲಿ ಹುರುಳಿದೆ: ನಿಮ್ಮ ಓದುಗಳ ಅಂತರ 0.1, ಅದು ನಿಮ್ಮ ಓದುವ ಮಿತಿಯಷ್ಟೇ. ಮುಳ್ಳು ನಿಜಕ್ಕೂ ಅಲುಗಿತಾ, ಕಣ್ಣು ಅಲುಗಿತಾ ಹೇಳಲಾಗದು. ಒತ್ತಡ ಗೇಜ್ ಕ್ಯಾಲಿಬ್ರೇಶನ್‌ಗೆ ಜರ್ಮನಿಯ ಮಾರ್ಗಸೂಚಿ ಡಿಕೆಡಿ-ಆರ್ 6-1 ಎರಡನ್ನೂ ಇಡುತ್ತದೆ. ದೊಡ್ಡದೊಂದನ್ನೇ ಇಡುವ ಲ್ಯಾಬ್‌ಗಳೂ ಇವೆ. ಒಂದನ್ನು ಬಿಟ್ಟರೆ ನಿಮಗೆ 0.10 ಬರುತ್ತದೆ. ನಾನು ಎರಡನ್ನೂ ಇಡುತ್ತೇನೆ, ಅವರು ಒಪ್ಪಲಿಕ್ಕಿಲ್ಲ.

ಈ ಬಜೆಟ್‌ನಲ್ಲಿ ದೊಡ್ಡ ಪಾಲು ಹತ್ತು–ಇಳಿಯದ್ದು, ಹಾಗಾಗಿ ಅದು ಗೇಜಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ಹತ್ತುವಾಗ ಪಂಪ್ ಜೋರಾಗಿ ತಿರುಗಿಸಿ 60 ದಾಟಿಸಿ ವಾಪಸ್ ತಂದರೆ ಆ ಓದು ಹತ್ತುವ ಓದಲ್ಲ. ಪಿಸ್ಟನ್ ತೇಲಿ, ಬಿಲ್ಲೆಗಳು ಕೈಯಲ್ಲಿ ತಿರುಗಿಸಿದಾಗ ಸರಾಗವಾಗಿ ತಿರುಗುತ್ತಿರಬೇಕು. ಬೇಗ ನಿಂತುಹೋದರೆ ಟೆಸ್ಟರ್ ಮಟ್ಟವಾಗಿಲ್ಲ ಅಥವಾ ಎಣ್ಣೆಯಲ್ಲಿ ಕಸ ಇದೆ. ಆ ಘರ್ಷಣೆ ಹತ್ತುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ ಎಳೆದು ಗೇಜಿನ ತಪ್ಪಿನಂತೆಯೇ ಕಾಣುತ್ತದೆ. ಓದುವ ಮುಂಚೆ ಗೇಜಿನ ಮೈಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ತಟ್ಟಿದರೆ ಮುಳ್ಳು ಹಾರುವ ಗೇಜಾದರೆ ಒಳಗಿನ ಹಲ್ಲುಚಕ್ರ ಸವೆದಿದೆ, ಆಗ ಬಜೆಟ್ ಆಮೇಲೆ, ರಿಪೇರಿ ಮೊದಲು.

ವೆಲ್ಡಿಂಗ್ ಶಾಪ್ ಅಣ್ಣ, ಆಕ್ಸಿಜನ್ ಗೇಜು, ಕಂಪ್ರೆಸರ್ ಗೇಜು ಎರಡನ್ನೂ ಇದೇ ಟೆಸ್ಟರ್‌ನಲ್ಲಿ ನೋಡಬಹುದಾ ಅನ್ನೋ ನಿಮ್ಮದು ಬೇರೆಯೇ ಪ್ರಶ್ನೆ, ಆದರೂ ಬಿಡಲಾಗದು: ಆಕ್ಸಿಜನ್ ಸಿಲಿಂಡರಿನ ಗೇಜನ್ನು ಈ ಆಯಿಲ್ ಟೆಸ್ಟರ್‌ಗೆ ಕೂಡಿಸಲೇಬೇಡಿ. ಒಳಗೆ ಉಳಿದ ಎಣ್ಣೆ ಹೆಚ್ಚಿನ ಒತ್ತಡದ ಆಕ್ಸಿಜನ್ ತಗುಲಿದರೆ ಹೊತ್ತಿಕೊಳ್ಳುತ್ತದೆ. ಒರೆಸಿ ಕೊಡುತ್ತೇನೆ ಅನ್ನುವವರಿಗೂ ಕೊಡಬೇಡಿ. ಆಕ್ಸಿಜನ್ ಗೇಜಿಗೆ ಎಣ್ಣೆ ಇಲ್ಲದ ಸೆಟಪ್ ಇರುವ ಲ್ಯಾಬೇ ಆಗಬೇಕು. ನಿಮ್ಮ ಕಂಪ್ರೆಸರಿನ 0–16 ಬಾರ್, 2.5 ಕ್ಲಾಸ್ ಗೇಜಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅದಕ್ಕಿರುವ ಮಿತಿಯೇ ±0.4 ಬಾರ್, 10 ಬಾರಿನಲ್ಲಿ ಗುರುತ್ವದ ವ್ಯತ್ಯಾಸ ಬರೀ 0.027.

ಪ್ರಶ್ನೆ ಕೇಳಿದ ಸರ್, ಬಿಲ್ಲೆಯ ಮೇಲೆ ಗುರುತ್ವ ಎಷ್ಟು ಬರೆದಿದೆ ಅನ್ನೋದರ ಫೋಟೋ ಹಾಕಿ, ಜೊತೆಗೆ ಪಿಸ್ಟನ್ ಯಾವ ಲೋಹ ಅನ್ನುವುದೂ. 9.78 ಅಂತಿದ್ದರೆ ಮೇಲಿನ 59.82 ಹೋಗಿ 59.98 ಆಗುತ್ತದೆ, ದೋಷ −0.08.