ಪಿಕಪ್‌ನ ಡೀಸೆಲ್ ಫಿಲ್ಟರ್: ಆಯ್ಕೆ ಮತ್ತು ನೀರು ಬಿಡುವುದು

ನನ್ನದು ಕಾಮನ್ ರೈಲ್ ಡೀಸೆಲ್ ಪಿಕಪ್. ನೀರು ಬೇರ್ಪಡಿಸೋ ಫಿಲ್ಟರ್ ಯಾವುದು ಹಾಕಿಸಲಿ? ನೀರು ಯಾವಾಗ ಬಿಡಬೇಕು?

ಗಾಡಿಯ ಮ್ಯಾನುಯಲ್‌ನಲ್ಲಿರುವ ಪಾರ್ಟ್ ನಂಬರ್‌ನದ್ದೇ ತಗೊಳ್ಳಿ. ಥ್ರೆಡ್ ಕೂತಿತು ಅಂತ ಹಳೆ ಎಂಜಿನ್‌ನ ಅಗ್ಗದ ಫಿಲ್ಟರ್ ಹಾಕಿಸಬೇಡಿ. ಕಾಮನ್ ರೈಲ್ ಇಂಜೆಕ್ಟರ್‌ಗೆ ಸಾಮಾನ್ಯವಾಗಿ 2ರಿಂದ 5 ಮೈಕ್ರಾನ್ ಕಣವನ್ನೂ ತಡೆಯುವ ಫಿಲ್ಟರ್ ಬೇಕು. ನಿಮ್ಮ ಗಾಡಿಯಲ್ಲಿ ನೀರಿನ ಸೆನ್ಸರ್ ಇದ್ದರೆ, ಹೊಸ ಫಿಲ್ಟರ್‌ನಲ್ಲೂ ಅದಕ್ಕೆ ಜಾಗ ಇರಲೇಬೇಕು.

ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳದಲ್ಲಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ನೀರಿನ ದೀಪ ಹತ್ತಿದರೆ ಅವತ್ತೇ ಬಿಡಿ. ದೀಪ ಇಲ್ಲದ ಗಾಡಿಗೆ ಪ್ರತಿ ಆಯಿಲ್ ಬದಲಾವಣೆಗೂ ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ, ಕ್ಯಾನ್‌ನಿಂದ ಡೀಸೆಲ್ ಸುರಿಯುವವರು ಇನ್ನೂ ಬೇಗ ನೋಡಿ.

ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಿಡುವುದು ಸುಲಭ. ಕೆಳಗೆ ಪಾರದರ್ಶಕ ಬಾಟಲಿ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಹನಿ ಬರದಿದ್ದರೆ ಹ್ಯಾಂಡ್ ಪಂಪ್ ಒತ್ತಿ. ಬಾಟಲಿಯ ತಳದಲ್ಲಿ ನೀರಿನ ಪದರ ಕಾಣುತ್ತದೆ. ಬರೀ ಡೀಸೆಲ್ ಬರುವಾಗ ಸ್ಕ್ರೂವನ್ನು ಕೈಯಲ್ಲೇ ಬಿಗಿ ಮಾಡಿ, ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ.

ಕೆಲವೇ ದಿನಕ್ಕೆ ದೀಪ ಮತ್ತೆ ಹತ್ತಿತಾ? ಹಾಗಾದರೆ ನೀರು ಟ್ಯಾಂಕ್‌ನಲ್ಲೇ ಇದೆ. ಟ್ಯಾಂಕ್ ತೊಳೆಸಿ, ಮುಚ್ಚಳದ ರಬ್ಬರ್ ನೋಡಿಸಿ.