ಆರ್‌ಎಸ್‌ಐ 60, ಎಂಎಫ್‌ಐ 33: ಯಾಕೆ ಹೀಗೆ?

ಪ್ರಶ್ನೆ: ಸರ್, ಒಂದೇ ಶೇರು, ಎರಡಕ್ಕೂ 14 ದಿನ ಇಟ್ಟೀನಿ. ಆರ್‌ಎಸ್‌ಐ 60 ಐತಿ, ಮನಿ ಫ್ಲೋ ಇಂಡೆಕ್ಸ್ 33 ತೋರಸ್ತದ. ಯಾವುದನ್ನ ನಂಬಬೇಕು?

ನಾನಿರುವುದು ಕಲಬುರಗಿಯಲ್ಲಿ. ನಮ್ಮ ಗಂಜಿನಲ್ಲಿ ತೊಗರಿ ರೇಟ್ ಏರಿತು ಅಂದರೆ ತಿಳಿದವರು ಮೊದಲು ಕೇಳೋದು, "ಎಷ್ಟ್ ಚೀಲಕ್ಕ ರೀ?" ಎಂಎಫ್‌ಐ ಕೇಳುವುದೂ ಇದನ್ನೇ. ವೈಲ್ಡರ್ 1978ರಲ್ಲಿ ಕೊಟ್ಟ ಆರ್‌ಎಸ್‌ಐಗೆ ವಾಲ್ಯೂಮ್ ಗೊತ್ತೇ ಇಲ್ಲ, ಬೆಲೆ ಎಷ್ಟು ಏರಿತು ಎಷ್ಟು ಇಳಿಯಿತು ಅಷ್ಟೇ.

ಎಂಎಫ್‌ಐ ಲೆಕ್ಕ ಹೀಗೆ. ದಿನದ ಹೈ, ಲೋ, ಕ್ಲೋಸ್ ಕೂಡಿಸಿ 3ರಿಂದ ಭಾಗಿಸಿ. ಇದು ಟಿಪಿಕಲ್ ಪ್ರೈಸ್. ಅದನ್ನು ವಾಲ್ಯೂಮ್‌ನಿಂದ ಗುಣಿಸಿ. ನಿನ್ನೆಗಿಂತ ಟಿಪಿಕಲ್ ಪ್ರೈಸ್ ಮೇಲಿದ್ದರೆ ಆ ಮೊತ್ತ ಪೂರ್ತಿ ಪಾಸಿಟಿವ್, ಕೆಳಗಿದ್ದರೆ ಪೂರ್ತಿ ನೆಗೆಟಿವ್. ಒಟ್ಟಿನಲ್ಲಿ ಪಾಸಿಟಿವ್ ನೂರಕ್ಕೆ ಎಷ್ಟು ಅನ್ನೋದೇ ಎಂಎಫ್‌ಐ.

ಮೂರೇ ದಿನ ನೋಡೋಣ. ಸುಲಭಕ್ಕೆ ಕ್ಲೋಸೂ ಟಿಪಿಕಲ್ ಪ್ರೈಸೂ ಒಂದೇ ಅಂದುಕೊಳ್ಳಿ. 100 ಇದ್ದ ಶೇರು 103 ಆಯಿತು, ವಾಲ್ಯೂಮ್ 1,000. ಮರುದಿನ 102, ವಾಲ್ಯೂಮ್ 5,000. ಮೂರನೇ ದಿನ 104, ಮತ್ತೆ 1,000. ಪಾಸಿಟಿವ್ 2,07,000, ನೆಗೆಟಿವ್ 5,10,000. ಎಂಎಫ್‌ಐ ಸುಮಾರು 29. ಏರಿಕೆ 5 ರೂಪಾಯಿ, ಇಳಿಕೆ 1, ಹಾಗಾಗಿ ಸಾದಾ ಸರಾಸರಿಯಲ್ಲಿ ಆರ್‌ಎಸ್‌ಐ 6ಕ್ಕೆ 5, ಅಂದರೆ ನೂರಕ್ಕೆ 83. ನಿಮ್ಮ ಚಾರ್ಟ್‌ನಲ್ಲೂ ಇಂಥದ್ದೇ ಒಂದು ದಿನ ಇರಬೇಕು.

ಈಗ ಎರಡನೇ ದಿನ ಬರೀ 5 ಪೈಸೆ ಇಳಿದು 102.95 ಆಗಿತ್ತು ಅನ್ನಿ. ಆರ್‌ಎಸ್‌ಐ 99ಕ್ಕೆ ಹೋಗುತ್ತೆ. ಎಂಎಫ್‌ಐ 29ರಲ್ಲೇ ಇರುತ್ತೆ! ಅದೇ 103ರಲ್ಲೇ ನಿಂತಿದ್ದರೆ? ನಿನ್ನೆಯಷ್ಟೇ ಇರುವ ದಿನವನ್ನು ಎಂಎಫ್‌ಐ ಲೆಕ್ಕದಿಂದಲೇ ಬಿಡುತ್ತೆ, ನೇರ 100 ಆಗುತ್ತೆ. ಐದು ಪೈಸೆಗೆ 29 ಮತ್ತು 100ರ ವ್ಯತ್ಯಾಸ. ಎಂಎಫ್‌ಐ ದಿಕ್ಕು ನೋಡುತ್ತೆ, ಎಷ್ಟು ದೂರ ಹೋಯಿತು ಅಂತ ನೋಡೋದೇ ಇಲ್ಲ. ಸುಮ್ನೆ "ವಾಲ್ಯೂಮ್ ಸೇರಿಸಿದ ಆರ್‌ಎಸ್‌ಐ" ಅಂತ ಬಿಟ್ಟರೆ ಈ ವಿಷಯವೇ ಮರೆಯಾಗುತ್ತೆ.

ಹಾಗಾಗಿ ಕಣ್ಣುಮುಚ್ಚಿ ಒಂದನ್ನು ನಂಬಬೇಡಿ. 14 ದಿನದಲ್ಲಿ ಅತಿ ಜಾಸ್ತಿ ವಾಲ್ಯೂಮ್ ಇರುವ ದಿನ ಹುಡುಕಿ. ಅವತ್ತು ಬೆಲೆ ನಿಜವಾಗಿ ಕುಸಿದಿದ್ದರೆ, 33 ಗಂಭೀರವಾದ ಮಾತು. ಯಾರೋ ದೊಡ್ಡದಾಗಿ ಮಾರಿದ್ದಾರೆ, ಆಮೇಲಿನ ಏರಿಕೆಗೆ ಅಷ್ಟು ಬಲವಿಲ್ಲ. ಬೆಲೆ ಬರೀ ಕೆಲವೇ ಪೈಸೆ ಇಳಿದಿದ್ದರೆ ಆ 33ಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ. ನಿಫ್ಟಿಯಂಥ ಇಂಡೆಕ್ಸ್‌ಗೆ ಶೇರು ಸೇರಿಸುವ, ತೆಗೆಯುವ ದಿನಗಳಲ್ಲೂ ವಾಲ್ಯೂಮ್ ಹೀಗೆ ಉಬ್ಬುತ್ತೆ.

ಆ ದಿನದ ತಾರೀಖು ಬರೆದಿಟ್ಟುಕೊಳ್ಳಿ. ಅದು 14 ದಿನದ ಲೆಕ್ಕದಿಂದ ಹೊರಬಿದ್ದ ದಿನ, ಬೆಲೆ ಅಲ್ಲಾಡದಿದ್ದರೂ ಎಂಎಫ್‌ಐ ಒಮ್ಮೆಲೇ ಮೇಲೆ ಜಿಗಿಯುತ್ತೆ. ಅದನ್ನು ಹೊಸ ಖರೀದಿ ಅಂದುಕೊಂಡು ದುಡ್ಡು ಹಾಕಬೇಡಿ. ವೈಲ್ಡರ್ ಲೆಕ್ಕದ ಆರ್‌ಎಸ್‌ಐಯಲ್ಲಿ ಈ ಜಿಗಿತ ಇರೋದಿಲ್ಲ, ಅಲ್ಲಿ ಹಳೆಯ ದಿನದ ತೂಕ ನಿಧಾನಕ್ಕೆ ಕರಗುತ್ತೆ.