ಎರಡೂ ಕಡೆ ಬರೆದರೆ ವಾದ ಆಗುತ್ತಾ?

"ಸಂಪಾದಕರಿಗೆ ನಮಸ್ಕಾರ. ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ. ಕ್ಲಾಸಿನಲ್ಲಿ ಮೊಬೈಲ್ ಬೇಕೋ ಬೇಡವೋ ಅಂತ ಇಂಗ್ಲಿಷ್ ಸರ್ ಒಂದು ಪ್ಯಾರಾ ಬರೆಸಿದರು. ಲಾಭ ಮೂರು, ನಷ್ಟ ಮೂರು ಬರೆದಳು. ಮೋರ್‌ಓವರ್, ಹೌಎವರ್, ದೇರ್‌ಫೋರ್ ಎಲ್ಲಾ ಹಾಕಿದಳು. ಐದಕ್ಕೆ ಎರಡೇ ಅಂಕ! 'ವಾದ ಇಲ್ಲ' ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಎರಡೂ ಕಡೆ ಬರೆದರೆ ತಪ್ಪೇನು? ಪ್ಯಾರಾ ಜೊತೆಗೆ ಇಟ್ಟಿದ್ದೇನೆ."
– ಓದುಗರೊಬ್ಬರು, ಮುಧೋಳ

ಅಕ್ಕಾವ್ರೆ, ಪ್ಯಾರಾ ಓದಿದೆ. ಅಕ್ಷರ ದುಂಡಗಿವೆ, ಸ್ಪೆಲ್ಲಿಂಗ್ ತಪ್ಪು ಒಂದೂ ಇಲ್ಲ. ಮಗಳು ಜಾಣೆ. ಆದರೂ ನಾನು ಸರ್ ಪರವಾಗಿಯೇ ನಿಲ್ಲುತ್ತೇನೆ. ನೀವು ಸ್ವಲ್ಪ ಬೇಜಾರಾಗಬೇಡಿ.

ಎಡವಿದ್ದು ಮೊದಲ ಸಾಲಿನಲ್ಲೇ. 'ಮೊಬೈಲ್ ಫೋನ್ಸ್ ಹ್ಯಾವ್ ಬೋತ್ ಅಡ್ವಾಂಟೇಜಸ್ ಅಂಡ್ ಡಿಸ್‌ಅಡ್ವಾಂಟೇಜಸ್' ಅಂತ ಬರೆದಿದ್ದಾಳೆ. ಈ ಮಾತಿಗೆ ಇಲ್ಲ ಅನ್ನುವವರು ಯಾರಿದ್ದಾರೆ? ಯಾರೂ ಜಗಳಕ್ಕೆ ಬರದ ಮಾತು ಟಾಪಿಕ್ ಸೆಂಟೆನ್ಸ್, ಅಂದರೆ ಪ್ಯಾರಾದ ಮುಖ್ಯ ಮಾತು ಹೇಳುವ ಸಾಲು, ಆಗುವುದಿಲ್ಲ. ಅದರಲ್ಲಿ ಎರಡು ವಿಷಯ ಇರಬೇಕು: ನಾನು ಯಾವ ಕಡೆ, ಯಾಕೆ. 'ಮೊಬೈಲ್ ಫೋನ್ಸ್ ಶುಡ್ ಬಿ ಕೆಪ್ಟ್ ಔಟ್ ಆಫ್ ಕ್ಲಾಸ್‌ರೂಮ್ಸ್ ಬಿಕಾಸ್ ದೇ ಬ್ರೇಕ್ ಸ್ಟೂಡೆಂಟ್ಸ್ ಅಟೆನ್ಷನ್.' ಇಷ್ಟು ಬರೆದರೆ ಮುಂದಿನ ಪ್ರತಿ ಸಾಲಿಗೂ ಕೆಲಸ ಸಿಕ್ಕಿತು. ಗಮನ ಒಡೆಯುವುದಕ್ಕೆ ಸಂಬಂಧ ಇಲ್ಲದ ಸಾಲು, ಉದಾಹರಣೆಗೆ ಅವಳು ಬರೆದ 'ಕಣ್ಣಿಗೆ ತೊಂದರೆ', ತಾನಾಗಿಯೇ ಹೊರಗೆ ಹೋಗುತ್ತದೆ.

ಹಾಗಂತ ಎದುರಿನವರ ಮಾತು ಬೇಡ ಅಂತಲ್ಲ. ಅವರ ಬಲವಾದ ಮಾತು ಒಂದನ್ನು ಒಪ್ಪಿಕೊಂಡು, ಅದೇ ವಾಕ್ಯದಲ್ಲಿ ಉತ್ತರ ಕೊಡಬೇಕು. ಮೊಬೈಲ್ ಬೇಕು ಅನ್ನುವವರದು ಸುಳ್ಳು ವಾದ ಅಲ್ಲ. ನಮ್ಮ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆಯುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಎಷ್ಟೋ ಮಕ್ಕಳು ಪಾಠ ಕೇಳಿದ್ದು ಮೊಬೈಲಿನಲ್ಲೇ. ಇದಕ್ಕೆ ಆಲ್ದೋ ಸರಿಯಾದ ಪದ: 'ಆಲ್ದೋ ಎ ಫೋನ್ ಕ್ಯಾನ್ ಓಪನ್ ಎ ಲೆಸನ್, ಇಟ್ ಆಲ್ಸೋ ಓಪನ್ಸ್ ಎವೆರಿಥಿಂಗ್ ಎಲ್ಸ್.' ಆಲ್ದೋ ಹಾಕಿದ ವಾಕ್ಯದಲ್ಲಿ ಮತ್ತೆ ಬಟ್ ಬರಬಾರದು. ನಮ್ಮ ಕಡೆ ಮಕ್ಕಳು ಎರಡನ್ನೂ ಹಾಕಿಬಿಡುತ್ತಾರೆ. ನಿಮ್ಮ ಮಗಳೂ ಹಾಕಿದ್ದಾಳೆ, ನಾಲ್ಕನೇ ಸಾಲು ನೋಡಿ.

ಇನ್ನು ಮೋರ್‌ಓವರ್. 'ಮೊಬೈಲಿನಿಂದ ಮಾಹಿತಿ ಬೇಗ ಸಿಗುತ್ತದೆ. ಮೋರ್‌ಓವರ್, ಮಕ್ಕಳು ಗೇಮ್ ಆಡುತ್ತಾರೆ' ಅಂತ ಇದೆ. ಮೋರ್‌ಓವರ್ ಹಿಂದಿನ ಮಾತಿನ ಕಡೆಯೇ ಇನ್ನೊಂದು ಮಾತು ಸೇರಿಸುತ್ತದೆ. ಇಲ್ಲಿ ಮಾತು ಎದುರು ಬದಿಗೆ ತಿರುಗಿದೆ, ಹೌಎವರ್ ಬೇಕಿತ್ತು. ಹೌಎವರ್‌ಗೆ ಮೊದಲು ಪೂರ್ಣವಿರಾಮ, ಹೌಎವರ್ ಆದ ಮೇಲೆ ಕಾಮಾ. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾ ಹಾಕಿ ಹೌಎವರ್‌ನಿಂದ ಜೋಡಿಸಿದರೆ ತಪ್ಪು. ಪರೀಕ್ಷೆ ಮಾಡುವುದು ಸುಲಭ. ಜೋಡಿಸುವ ಪದದ ಮೇಲೆ ಬೆರಳಿಟ್ಟು ಓದಿಸಿ. ಎರಡು ವಾಕ್ಯಕ್ಕೆ ಏನು ಸಂಬಂಧ ಅಂತ ಅವಳು ಬಾಯಲ್ಲಿ ಹೇಳಲಿ. ಹೇಳಲು ಆಗದಿದ್ದರೆ ಪದ ಸುಮ್ನೆ ಅಂಟಿಸಿದ್ದು.

ಮೊಬೈಲ್ ವಿಷಯಕ್ಕೆ ಬಂದರೆ ನನ್ನ ಮನಸ್ಸು ಎಂದೋ ಗಟ್ಟಿಯಾಗಿದೆ: ಕ್ಲಾಸಿನಲ್ಲಿ ಬೇಡ. ವಿಜಯಪುರದ ಶಿಕ್ಷಕರೊಬ್ಬರು ನನಗೆ ಹೇಳಿದ್ದು ಕೇಳಿ. ಚೀಲದೊಳಗೆ ಒಂದು ಫೋನ್ ಗುಂಯ್ ಅಂದರೆ ಇಡೀ ಬೆಂಚು ಚೀಲದ ಕಡೆ ನೋಡುತ್ತದಂತೆ. ಫೋನ್ ಒಬ್ಬನದು, ಪಾಠ ತಪ್ಪುವುದು ಐದು ಜನಕ್ಕೆ. ಇಂಗ್ಲೆಂಡಿನ ನಾಲ್ಕು ನಗರಗಳ ಶಾಲೆಗಳನ್ನು ನೋಡಿ 2015ರಲ್ಲಿ ಬಂದ ಅಧ್ಯಯನ ಓದಿದ್ದೇನೆ. ಫೋನ್ ನಿಷೇಧಿಸಿದ ಮೇಲೆ ಅಂಕ ಹೆಚ್ಚಾಗಿದ್ದು ಓದಿನಲ್ಲಿ ಹಿಂದಿದ್ದ ಮಕ್ಕಳದು. ಮುಂದಿದ್ದವರಿಗೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸ್ವೀಡನ್ನಿನಲ್ಲಿ ಅದೇ ರೀತಿ ನೋಡಿದಾಗ ಫಲ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಪಾಠಕ್ಕೆ ದುಡ್ಡಿಲ್ಲದ ಮಗುವಿಗೆ ಆ ನಲವತ್ತೈದು ನಿಮಿಷವೇ ಎಲ್ಲ. ಅದನ್ನು ಫೋನಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಫ್ರಾನ್ಸ್ 2018ರಲ್ಲೇ ಶಾಲೆಗಳಲ್ಲಿ ಮೊಬೈಲ್ ನಿಷೇಧಿಸುವ ಕಾನೂನು ತಂದಿತು. ನಾವಿನ್ನೂ 'ಲಾಭವೂ ಇದೆ, ನಷ್ಟವೂ ಇದೆ' ಅನ್ನುತ್ತ ಕೂತಿದ್ದೇವೆ.

ನಿಮ್ಮ ಮಗಳದು ಏನು ತಪ್ಪು ಹೇಳಿ? ಬಸ್ ಸ್ಟ್ಯಾಂಡ್ ಪಕ್ಕದ ಯಾವ ಗೈಡ್ ತೆಗೆದರೂ ಇದೇ ಪ್ಯಾರಾ. ಮೊಬೈಲ್ ತೆಗೆದು ಟಿವಿ ಹಾಕಿ, ಟಿವಿ ತೆಗೆದು ಇಂಟರ್ನೆಟ್ ಹಾಕಿ, ಒಂದು ಪದವೂ ಬದಲಾಗುವುದಿಲ್ಲ. ಅದನ್ನು ಬಾಯಿಪಾಠ ಮಾಡಿಸಿ, ಅದಕ್ಕೇ ಅಂಕ ಕೊಟ್ಟು ಬೆಳೆಸಿದವರು ನಾವು ದೊಡ್ಡವರು. ಹದಿನಾರು ವರ್ಷದ ಹುಡುಗಿಗೆ ತನ್ನ ಅಭಿಪ್ರಾಯ ಹೇಳಲು ಹೆದರಿಕೆ ಆಗುವಂತೆ ಮಾಡಿದ್ದೇವೆ. ಊರ ಸಭೆಯಲ್ಲೂ ಅಷ್ಟೇ ಅಲ್ವಾ? ಎದ್ದು ನಿಂತವರು ಎಲ್ಲರಿಗೂ ಹೌದು ಅಂದು ಕೂರುತ್ತಾರೆ.

ಅವಳು ಮತ್ತೆ ಬರೆಯಲಿ. ಮೊಬೈಲ್ ಬೇಕು ಅಂತಲೇ ಬರೆದರೂ ನನಗೆ ಸಂತೋಷ, ಆದರೆ ಒಂದೇ ಕಡೆ ನಿಲ್ಲಲಿ. ಕೊನೆಯ ದೇರ್‌ಫೋರ್ ಬಗ್ಗೆ ಒಂದು ಮಾತು. 'ದೇರ್‌ಫೋರ್, ಮೊಬೈಲ್ ಸಮಾಜಕ್ಕೆ ಮಾರಕ' ಅಂತ ಮುಗಿಸಿದ್ದಾಳೆ. ಮೇಲೆ ಹೇಳಿದ್ದು ಕ್ಲಾಸಿನ ಮಾತು, ಸಮಾಜ ಎಲ್ಲಿಂದ ಬಂತು? 'ಆದ್ದರಿಂದ ಪಾಠದ ವೇಳೆ ಫೋನ್ ಪ್ರಾಂಶುಪಾಲರ ಕೋಣೆಯಲ್ಲಿರಲಿ' ಅಂತ ಬರೆದರೆ ಸಾಕು.